ವಾಟರ್‌ಮಾರ್ಕ್ ನಿವಾರಣೆ (ಉಚಿತ ಮೊಬೈಲ್ ವಿಡಿಯೊ ಎಡಿಟಿಂಗ್ ಆ್ಯಪ್‌ಗಳಲ್ಲಿ)

ಮೊಬೈಲ್‌ನಲ್ಲಿ ಎಡಿಟ್ ಮಾಡಿದ ವಿಡಿಯೊವನ್ನು ಎಕ್ಸ್‌ಪೋರ್ಟ್ ಮಾಡುವಾಗ ಹಲವು ಉಚಿತ ಆ್ಯಪ್‌ಗಳು ಮೂಲೆಯಲ್ಲಿ ತಮ್ಮ ಹೆಸರನ್ನು ಅಚ್ಚೊತ್ತುತ್ತವೆ. ಈ ಗುರುತಿಗೆ ವಾಟರ್‌ಮಾರ್ಕ್ ಎನ್ನುತ್ತಾರೆ. ಕರ್ನಾಟಕದಲ್ಲಿ ಗೃಹಪ್ರವೇಶದ ಕರೆಯೋಲೆಯಿಂದ ಹಿಡಿದು ಯೂಟ್ಯೂಬ್ ಅಡುಗೆ ಚಾನೆಲ್‌ವರೆಗೆ ಇದನ್ನು ಕಾಣಬಹುದು. ದಕ್ಷಿಣ ಕೊರಿಯಾದ ನೆಕ್ಸ್‌ಸ್ಟ್ರೀಮಿಂಗ್ ಕಂಪನಿ 2013ರಲ್ಲಿ ಹೊರತಂದ ಕೈನ್‌ಮಾಸ್ಟರ್ ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಅದರ ಉಚಿತ ಆವೃತ್ತಿಯಲ್ಲಿ ಚೌಕಟ್ಟಿನ ಬಲ ಮೇಲ್ಮೂಲೆಗೆ ಹೆಸರು ಬಂದು ಕೂರುತ್ತದೆ.

ಗುರುತು ವಿಡಿಯೊದೊಳಕ್ಕೆ ಯಾವ ಹಂತದಲ್ಲಿ ಸೇರುತ್ತದೆ ಎಂಬುದನ್ನು ತಿಳಿದರೆ ಅದನ್ನು ತೆಗೆಯುವ ದಾರಿಗಳ ಬೆಲೆಯೂ ತಿಳಿಯುತ್ತದೆ. ಎಡಿಟ್ ಮಾಡುತ್ತಿರುವಷ್ಟು ಕಾಲ ಆ್ಯಪ್‌ನಲ್ಲಿ ಇರುವುದು ಪ್ರಾಜೆಕ್ಟ್ ಮಾತ್ರ: ಯಾವ ಕ್ಲಿಪ್ಪನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಹಾಡು ಬರಬೇಕು, ಅಕ್ಷರ ಎಲ್ಲಿ ಮೂಡಬೇಕು ಎಂಬ ಸೂಚನೆಗಳ ಗಂಟು. ಎಕ್ಸ್‌ಪೋರ್ಟ್ ಒತ್ತಿದಾಗ ಆ್ಯಪ್ ಪ್ರತಿಯೊಂದು ಫ್ರೇಮನ್ನೂ ಹೊಸದಾಗಿ ಚಿತ್ರಿಸಿ, ಎಲ್ಲ ಪದರಗಳ ಮೇಲೆ ತನ್ನ ಗುರುತನ್ನು ಇಟ್ಟು, ಒಟ್ಟಾಗಿ ಸಂಕುಚಿಸಿ ಎಂಪಿ4 ಫೈಲ್ ಮಾಡುತ್ತದೆ. ಆ ಫೈಲ್‌ನಲ್ಲಿ ಗುರುತಿನ ಹಿಂದಿದ್ದ ಚಿತ್ರ ಉಳಿದಿರುವುದಿಲ್ಲ. ಪ್ರಾಜೆಕ್ಟ್ ಮತ್ತು ಮೂಲ ಕ್ಲಿಪ್‌ಗಳಲ್ಲಾದರೆ ಎಲ್ಲವೂ ಹಾಗೆಯೇ ಇರುತ್ತದೆ. ಆದ್ದರಿಂದ ಪ್ರಾಜೆಕ್ಟ್ ಕೈಯಲ್ಲಿರುವವರ ಸ್ಥಿತಿ ಬೇರೆ, ಕೇವಲ ಎಂಪಿ4 ಉಳಿದವರ ಸ್ಥಿತಿ ಬೇರೆ.

ಪ್ರಾಜೆಕ್ಟ್ ಇದ್ದರೆ ಮೊದಲು ನೋಡಬೇಕಾದದ್ದು ಆ್ಯಪ್ ತಾನೇ ತೆರೆದಿಟ್ಟ ಬಾಗಿಲು. ಇನ್‌ಶಾಟ್‌ನಲ್ಲಿ ಗುರುತಿನ ಪಕ್ಕದ × ಚಿಹ್ನೆಯನ್ನು ಮುಟ್ಟಿದರೆ ಜಾಹೀರಾತು ನೋಡಿ ಗುರುತನ್ನು ತೆಗೆಸುವ ಅವಕಾಶ ಸಿಗುತ್ತದೆ. ಇದು ಆ ಒಂದು ವಿಡಿಯೊಗಷ್ಟೇ ಅನ್ವಯ. ಕ್ಯಾಪ್‌ಕಟ್ ವಿಡಿಯೊದ ಕೊನೆಗೆ ತನ್ನ ಹೆಸರಿನ ತುಣುಕೊಂದನ್ನು ಜೋಡಿಸುತ್ತದೆ. ಟೈಮ್‌ಲೈನ್‌ನಲ್ಲಿ ಅದನ್ನು ಆರಿಸಿ ಅಳಿಸಿದರೆ ಮುಗಿಯಿತು. ಕೈನ್‌ಮಾಸ್ಟರ್‌ನಲ್ಲಿ ಸರಿಯಾದ ದಾರಿ ಚಂದಾ. ಹಣ ಕಟ್ಟಿದ ಮೇಲೆ ಹಳೆಯ ಪ್ರಾಜೆಕ್ಟನ್ನೇ ತೆರೆದು ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು. ಮೊದಲೇ ಹೊರತೆಗೆದು ಗ್ಯಾಲರಿಗೆ ಹೋದ ಫೈಲ್ ತಾನಾಗಿ ಬದಲಾಗುವುದಿಲ್ಲ, ಹಲವರು ತಡವರಿಸುವುದು ಇಲ್ಲೇ.

ಚಂದಾದ ನಿಜವಾದ ತೊಂದರೆ ಅದು ಮುಂದುವರಿಯುತ್ತಲೇ ಇರುವುದು. ಫೋನ್‌ನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ರೊಫೈಲ್ ಚಿತ್ರ ಮುಟ್ಟಿ, ಪಾವತಿ ಮತ್ತು ಚಂದಾ ವಿಭಾಗಕ್ಕೆ ಹೋಗಿ ರದ್ದು ಮಾಡಬೇಕು. ರದ್ದು ಮಾಡಿದರೂ ಹಣ ಕಟ್ಟಿದ ಅವಧಿ ಮುಗಿಯುವವರೆಗೆ ಸೌಲಭ್ಯ ಉಳಿಯುವುದು ವಾಡಿಕೆ. ಹೀಗಾಗಿ ಒಂದೇ ತಿಂಗಳ ಕೆಲಸವಿರುವವರು ಚಂದಾ ಪಡೆದ ದಿನವೇ ರದ್ದು ಗುಂಡಿ ಒತ್ತುವುದು ಜಾಣತನ. ಇಂಥ ಪುನರಾವರ್ತಿತ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಎಸ್ಸೆಮ್ಮೆಸ್ಸನ್ನು ಓದದೆ ಬಿಡಬಾರದು.

ಇನ್ನು ಎಂಪಿ4 ಮಾತ್ರ ಉಳಿದವರ ಕಥೆ. ಶಾಲೆಯೊಂದರ ರಾಜ್ಯೋತ್ಸವ ನೃತ್ಯದ ನಾಲ್ಕು ನಿಮಿಷದ ವಿಡಿಯೊ ಎಂದುಕೊಳ್ಳೋಣ. ಅಳತೆ 1920×1080 ಪಿಕ್ಸೆಲ್. ಗುರುತು ಎಡದಿಂದ 1480, ಮೇಲಿನಿಂದ 40ನೇ ಪಿಕ್ಸೆಲ್‌ನಲ್ಲಿ ಶುರುವಾಗಿ 400 ಅಗಲ, 100 ಎತ್ತರ ಹರಡಿದೆ. ವೇದಿಕೆಯ ಹಿಂದೆ ನೀಲಿ ಪರದೆ, ಅದರ ಮೇಲೆ ಶಾಲೆಯ ಹೆಸರಿನ ಬ್ಯಾನರ್.

ಮೊದಲ ಉಪಾಯ ಕ್ರಾಪ್. ಗುರುತು 140ನೇ ಸಾಲಿಗೆ ಮುಗಿಯುವುದರಿಂದ ಮೇಲಿನ 140 ಸಾಲುಗಳನ್ನು ಕತ್ತರಿಸಿದರೆ 940 ಉಳಿಯುತ್ತವೆ. ಆದರೆ 16:9ರ ಆಕಾರ ಉಳಿಸಲು ಅಗಲವನ್ನೂ ಸುಮಾರು 1670ಕ್ಕೆ ಇಳಿಸಬೇಕು. ಲೆಕ್ಕ ಹಾಕಿದರೆ ಚಿತ್ರದ ನಾಲ್ಕನೇ ಒಂದು ಭಾಗದಷ್ಟು ಹೋಗುತ್ತದೆ. ಮೇಲಿನ ಬ್ಯಾನರ್ ಮಾಯವಾಗುತ್ತದೆ, ಸಾಲಿನ ತುದಿಯಲ್ಲಿ ಕುಣಿಯುವ ಮಗುವೂ ಚೌಕಟ್ಟಿನ ಹೊರಗೆ ಬೀಳಬಹುದು. ಆ ಮಗುವಿನ ಮನೆಯವರಿಗೆ ಮೂಲೆಯ ಗುರುತಿಗಿಂತ ಇದು ಹೆಚ್ಚು ನೋಯಿಸುವ ಸಂಗತಿ.

ಎರಡನೆಯದು ಗುರುತನ್ನು ಮಸುಕಾಗಿಸಿ ತುಂಬುವುದು. ಕಂಪ್ಯೂಟರ್‌ನಲ್ಲಿ ಎಫ್ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದ ಡಿಲೋಗೊ ಫಿಲ್ಟರ್ ಈ ಕೆಲಸ ಮಾಡುತ್ತದೆ:

```
ffmpeg -i in.mp4 -vf "delogo=x=1480:y=40:w=400:h=100" -c:v libx264 -crf 18 -c:a copy out.mp4
```

ಚೌಕದ ಅಂಚಿನಾಚೆಯ ಪಿಕ್ಸೆಲ್‌ಗಳ ಬಣ್ಣವನ್ನು ಒಳಕ್ಕೆ ಎಳೆದು ತರುವುದಷ್ಟೇ ಇದರ ವಿಧಾನ. ಅಳತೆ ಸರಿಯೇ ಎಂದು ನೋಡಲು `h=100` ಆದ ಮೇಲೆ `:show=1` ಸೇರಿಸಿದರೆ ಆ ಜಾಗದ ಸುತ್ತ ಹಸಿರು ಚೌಕ ಕಾಣುತ್ತದೆ. ಗುರುತಿನ ಹಿಂದೆ ಬರಿಯ ನೀಲಿ ಪರದೆ ಇದ್ದರೆ ಫಲಿತಾಂಶ ಕಣ್ಣಿಗೆ ಒಪ್ಪುತ್ತದೆ. ಬ್ಯಾನರ್‌ನ ಅಕ್ಷರಗಳಿದ್ದರೆ ಅವು ಕದಡಿ ಬಣ್ಣದ ಪಟ್ಟಿಯಾಗುತ್ತವೆ. ಕ್ಯಾಮೆರಾ ಅಲುಗಾಡಿದಾಗಲಂತೂ ಒಂದು ಚೌಕ ಮಾತ್ರ ಮಂಜಿನಂತೆ ನಿಂತಲ್ಲೇ ನಿಂತು, ಏನೋ ಅಳಿಸಲಾಗಿದೆ ಎಂದು ತಾನೇ ಹೇಳಿಬಿಡುತ್ತದೆ. ಜೊತೆಗೆ ವಿಡಿಯೊ ಮತ್ತೊಮ್ಮೆ ಸಂಕುಚಿತವಾಗುವುದರಿಂದ ಜರಿಯಂಚು, ಕೂದಲಿನಂಥ ಸೂಕ್ಷ್ಮ ವಿವರಗಳು ಒಂದಿಷ್ಟು ಕಳೆಯುತ್ತವೆ. ಮೊಬೈಲ್‌ನ ವಾಟರ್‌ಮಾರ್ಕ್ ರಿಮೂವರ್ ಆ್ಯಪ್‌ಗಳೂ ಮರೆಯಾದ ಚಿತ್ರವನ್ನು ಮರಳಿ ತರಲಾರವು. ಸುತ್ತಲಿನದನ್ನು ನೋಡಿ ಊಹಿಸಿ ತುಂಬುತ್ತವೆ.

ಗುರುತಿನ ಮೇಲೆ ಶಾಲೆಯ ಲಾಂಛನ ಇಟ್ಟು ಮುಚ್ಚುವುದು ಇದಕ್ಕಿಂತ ಮರ್ಯಾದೆಯಾಗಿ ಕಾಣುತ್ತದೆ. ಆದರೆ ಅದೇ ಆ್ಯಪ್‌ನಲ್ಲಿ ಇದು ಸಾಧ್ಯವಿಲ್ಲ, ಆ್ಯಪ್‌ನ ಗುರುತು ಯಾವಾಗಲೂ ಎಲ್ಲ ಪದರಗಳಿಗಿಂತ ಮೇಲೆ ಬರುತ್ತದೆ. ಬೇರೆ ಆ್ಯಪ್‌ನಲ್ಲಿ ಇನ್ನೊಂದು ಎಕ್ಸ್‌ಪೋರ್ಟ್ ಬೇಕು, ಸಂಕುಚನದ ನಷ್ಟವೂ ಮತ್ತೊಮ್ಮೆ ಆಗುತ್ತದೆ. ಇದರೊಂದಿಗೆ ಒಂದು ನ್ಯಾಯದ ಪ್ರಶ್ನೆಯೂ ಇದೆ. ವಿಡಿಯೊ ಮಾಡಿದವರದೇ ಆದರೂ ಆ್ಯಪ್ ಬಳಸಲು ಒಪ್ಪಿದ ಷರತ್ತಿನಲ್ಲಿ ಗುರುತನ್ನು ಅಳಿಸಬಾರದು ಎಂದಿರಬಹುದು. ಹಣ ಪಡೆದು ಮಾಡಿಕೊಡುವ ಮದುವೆ, ಜಾಹೀರಾತು ವಿಡಿಯೊಗಳಿಗೆ ಈ ಷರತ್ತನ್ನು ಓದದೆ ಮುಂದುವರಿಯಬಾರದು.

ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ‘ಮಾಡ್ ಎಪಿಕೆ’ಗಳು, ಅಂದರೆ ಯಾರೋ ಬಿಚ್ಚಿ ತಿದ್ದಿದ ಆ್ಯಪ್‌ಗಳು, ಈ ದಾರಿಗಳಲ್ಲೆಲ್ಲ ಕೆಟ್ಟವು. ಪ್ರತಿ ಆಂಡ್ರಾಯ್ಡ್ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ತಿದ್ದಿದವರು ತಮ್ಮದೇ ಸಹಿ ಹಾಕಬೇಕಾಗುವುದರಿಂದ ಮೂಲ ಆ್ಯಪ್ ಇರುವಾಗ ಇದು ಅದರ ಮೇಲೆ ಇನ್‌ಸ್ಟಾಲ್ ಆಗುವುದಿಲ್ಲ. ಹಾಗೆಂದು ಮೂಲ ಆ್ಯಪ್ ಅಳಿಸಿದರೆ ಅದರೊಳಗೆ ಇಟ್ಟಿದ್ದ ಪ್ರಾಜೆಕ್ಟ್‌ಗಳೂ ಹೋಗಬಹುದು, ಗುರುತಿಲ್ಲದೆ ಹೊರತೆಗೆಯಲು ಬೇಕಾಗಿದ್ದ ವಸ್ತುವೇ ಕೈತಪ್ಪುತ್ತದೆ. ತಿದ್ದಿದ ಆ್ಯಪ್‌ಗೆ ಮುಂದೆ ಪ್ಲೇ ಸ್ಟೋರ್ ಅಪ್‌ಡೇಟ್ ಬರುವುದಿಲ್ಲ. ಗ್ಯಾಲರಿ ನೋಡುವ ಅನುಮತಿ ಪಡೆದ ಆ ತಂತ್ರಾಂಶದೊಳಗೆ ಇನ್ನೇನು ಸೇರಿಸಿದ್ದಾರೆ ಎಂದು ಸಾಮಾನ್ಯ ಬಳಕೆದಾರರು ಪರೀಕ್ಷಿಸಲಾರರು. ಫೋನ್‌ನಲ್ಲಿ ಬ್ಯಾಂಕಿನ ಆ್ಯಪ್ ಇರುವವರು ಇದರ ಹತ್ತಿರ ಸುಳಿಯಬಾರದು.

ಹೊಸ ಕೆಲಸ ಆರಂಭಿಸುವವರಿಗೆ ಈ ಪಾಡೇ ಬೇಡ. ವಿಎನ್ ಎಡಿಟರ್ ಉಚಿತ ಆವೃತ್ತಿಯಲ್ಲೂ ಮೂಲೆಯ ಗುರುತಿಲ್ಲದೆ ಎಕ್ಸ್‌ಪೋರ್ಟ್ ಮಾಡುತ್ತದೆ. 2023ರಲ್ಲಿ ಭಾರತವೂ ಸೇರಿ ಕೆಲವು ದೇಶಗಳಲ್ಲಿ ಬಂದ ಯೂಟ್ಯೂಬ್ ಕ್ರಿಯೇಟ್, ಐಫೋನ್‌ನ ಐಮೂವಿ ಕೂಡ ಹಾಗೆಯೇ. ಆದರೆ ಕೈನ್‌ಮಾಸ್ಟರ್‌ನ ಪ್ರಾಜೆಕ್ಟ್ ಫೈಲ್ ಇವುಗಳಲ್ಲಿ ತೆರೆಯುವುದಿಲ್ಲ. ಅರ್ಧ ಎಡಿಟ್ ಆದ ಮೇಲೆ ಮನಸ್ಸು ಬದಲಿಸಿದರೆ ಮೊದಲಿನಿಂದ ಮಾಡಬೇಕು. ಆದ್ದರಿಂದ ಯಾವುದೇ ಆ್ಯಪ್‌ನಲ್ಲಿ ಹತ್ತು ಸೆಕೆಂಡಿನ ತುಣುಕೊಂದನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ, ಮೂಲೆಗಳನ್ನೂ ಕೊನೆಯ ಫ್ರೇಮನ್ನೂ ನೋಡಿ ನಂತರ ಪೂರ್ತಿ ಎಡಿಟಿಂಗ್‌ಗೆ ಕೂರುವುದು ಒಳ್ಳೆಯದು. ವಿಡಿಯೊ ಕೊಡಬೇಕಾದವರ ಕೈಸೇರಿ ಒಪ್ಪಿಗೆಯಾಗುವವರೆಗೆ ಪ್ರಾಜೆಕ್ಟನ್ನೂ ಮೂಲ ಕ್ಲಿಪ್‌ಗಳನ್ನೂ ಅಳಿಸಬೇಡಿ.