ವಿಶ್ರಾಂತಿಯ ಹೃದಯ ಬಡಿತ ಮತ್ತು ಹೃದಯ ಬಡಿತದ ವ್ಯತ್ಯಯತೆ (ದೂರದ ಓಟ)

ದೇಹವು ಪೂರ್ಣ ವಿಶ್ರಾಂತಿಯಲ್ಲಿರುವಾಗ ಹೃದಯವು ಒಂದು ನಿಮಿಷದಲ್ಲಿ ಎಷ್ಟು ಬಾರಿ ಮಿಡಿಯುತ್ತದೆ ಎಂಬುದೇ ವಿಶ್ರಾಂತಿಯ ಹೃದಯ ಬಡಿತ. ಎರಡು ಬಡಿತಗಳ ನಡುವಿನ ಕಾಲಾಂತರವು ಮಿಲಿಸೆಕೆಂಡುಗಳಷ್ಟು ಹೆಚ್ಚುಕಡಿಮೆಯಾಗುವುದನ್ನು ಹೃದಯ ಬಡಿತದ ವ್ಯತ್ಯಯತೆ ಎನ್ನುತ್ತಾರೆ. ದೂರದ ಓಟಗಾರರ ದಣಿವು ಆರಿದೆಯೇ ಎಂದು ತಿಳಿಯಲು ಇವೆರಡೂ ನೆರವಾಗುತ್ತವೆ.

== ಕಾರಣ ==
ವೇಗಸ್ ನರವು ಹೃದಯದ ಗತಿಯನ್ನು ತಗ್ಗಿಸುತ್ತದೆ. ಉಸಿರಾಟದೊಂದಿಗೆ ಅದರ ಹಿಡಿತ ಬದಲಾಗುವುದರಿಂದ ಬಡಿತಗಳ ಅಂತರವೂ ಬದಲಾಗುತ್ತದೆ. ದಣಿವು, ನಿದ್ರಾಹೀನತೆ ಅಥವಾ ಜ್ವರದಿಂದ ಈ ಹಿಡಿತ ಸಡಿಲವಾದಾಗ ಸಾಮಾನ್ಯವಾಗಿ ಬಡಿತ ಏರಿ, ವ್ಯತ್ಯಯತೆ ಇಳಿಯುತ್ತದೆ.

== ಮಾಪನ ==
ಬೆಳಿಗ್ಗೆ ಎಚ್ಚರವಾದೊಡನೆ, ಚಹಾ ಕುಡಿಯುವ ಮೊದಲು, ಮಲಗಿದಲ್ಲಿಯೇ ಮಣಿಕಟ್ಟಿನ ನಾಡಿಯನ್ನು 60 ಸೆಕೆಂಡು ಎಣಿಸಬೇಕು. ವ್ಯತ್ಯಯತೆಯನ್ನು ಅಳೆಯಲು ಎದೆಪಟ್ಟಿಯಂತಹ ಉಪಕರಣ ಬೇಕು. ಅದರ ಮೌಲ್ಯ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವಾಗಿರುವುದರಿಂದ, ಓಟಗಾರನು ತನ್ನದೇ 7 ದಿನಗಳ ಸರಾಸರಿಯೊಂದಿಗೆ ಹೋಲಿಸಿಕೊಳ್ಳಬೇಕು.

== ಉದಾಹರಣೆ ==
ಬಸವಕಲ್ಯಾಣದ ಓಟಗಾರನೊಬ್ಬನ ಸರಾಸರಿ ಬಡಿತ 50, ವ್ಯತ್ಯಯತೆ 60 ಮಿಲಿಸೆಕೆಂಡು ಎಂದು ಭಾವಿಸೋಣ. ಬೇಸಿಗೆಯಲ್ಲಿ ಹುಮನಾಬಾದ್ ಕಡೆಗೆ 20 ಕಿ.ಮೀ. ಓಡಿದ ಮರುದಿನ ಅವು 57 ಮತ್ತು 42 ಆಗುತ್ತವೆ. ಒಂದು ದಿನ ವಿಶ್ರಮಿಸಿ, ಸಾಕಷ್ಟು ನೀರು ಕುಡಿದ ಬಳಿಕ 51 ಮತ್ತು 58ಕ್ಕೆ ಮರಳಿದರೆ, ಅದು ಓಟ ಹಾಗೂ ಬಿಸಿಲಿನ ದಣಿವೆನ್ನಬಹುದು. ವಿಶ್ರಾಂತಿಯ ನಂತರವೂ ಬಡಿತ ಇಳಿಯದೆ ಮೈಕೈ ನೋವು ಕಾಣಿಸಿಕೊಂಡರೆ ಸೋಂಕನ್ನು ಶಂಕಿಸಬೇಕು. ಜ್ವರವಿದ್ದಾಗ ಓಡಿದರೆ ಹೃದಯ ಸ್ನಾಯುವಿನ ಉರಿಯೂತದ ಅಪಾಯವಿರುವುದರಿಂದ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

== ಮಿತಿ ==
ದೀರ್ಘಕಾಲದ ಅತಿ ಅಭ್ಯಾಸದಿಂದ ಬಳಲಿದ ಕೆಲವರಲ್ಲಿ ಬಡಿತ ಏರದೆ ಇಳಿಯುವುದೂ ಉಂಟು. ಆದ್ದರಿಂದ ಅಂಕಿಗಳೊಂದಿಗೆ ನಿದ್ರೆ, ಹಸಿವು ಮತ್ತು ಕಾಲುಗಳ ಭಾರವನ್ನೂ ಗಮನಿಸಬೇಕು.