ನೀರಿಲ್ಲದ ಪಾತ್ರೆಯಲ್ಲಿ ಕೇಕ್: ಉರಿ, ಹೊತ್ತು, ಬೆಂದ ಗುರುತು

ಕುಕ್ಕರಿಗೆ ನೀರು ಹಾಕಿ ವಿಷಲ್ ಇಟ್ಟರೆ ಒಳಗಿನ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲುತ್ತದೆ. ಅದರಲ್ಲಿ ಹಿಟ್ಟು ಬೇಯುವುದೇನೋ ನಿಜ, ಆದರೆ ಇಡ್ಲಿಯ ಹಾಗೆ ಬೆಳ್ಳಗೆ ಬೇಯುತ್ತದೆ. ಕೇಕಿನ ಹೊರಮೈ ಕಂದಾಗಬೇಕಾದರೆ ಅದು ಒಣಗಿ 140 ಡಿಗ್ರಿಯ ಆಸುಪಾಸು ಮುಟ್ಟಬೇಕು. ನೀರು ಹಾಕದಿರುವುದು ಅದಕ್ಕಾಗಿ. ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆಯುವುದಕ್ಕೂ ಕಾರಣವಿದೆ: ಹಿಟ್ಟಿನಿಂದ ಏಳುವ ಹಬೆ ಹೊರಹೋಗಬೇಕು, ರಬ್ಬರು ಒಣಶಾಖಕ್ಕೆ ಸುಟ್ಟು ಬಿರುಸಾಗಬಾರದು.

ಬಹಳ ಪಾಕವಿಧಾನಗಳು ಹೇಳದ ಮಾತೊಂದಿದೆ. ಹಲವು ಕುಕ್ಕರುಗಳ ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವ್, ಮಿತಿಮೀರಿದ ಬಿಸಿಗೆ ಕರಗಲೆಂದೇ ಮಾಡಿದ ಮಿಶ್ರಲೋಹದ್ದು. ಒಣ ಕುಕ್ಕರಿನಲ್ಲಿ ಅದು ಕರಗಿಹೋಗಬಹುದು. ಆದ್ದರಿಂದ ಕುಕ್ಕರನ್ನೇ ಬಳಸುವವರು ಅದರ ಮುಚ್ಚಳ ಬಿಟ್ಟು ಸಾದಾ ತಟ್ಟೆ ಮುಚ್ಚುವುದು ಲೇಸು. ದಪ್ಪತಳದ ಕಡಾಯಿ ಇನ್ನೂ ಮೇಲು. ನಾನ್‌ಸ್ಟಿಕ್ ಮಾತ್ರ ಬೇಡ.

ಮೊಟ್ಟೆಯಿಲ್ಲದ ಮೊಸರಿನ ಕೇಕನ್ನೇ ತೆಗೆದುಕೊಳ್ಳೋಣ. ಒಂದು ಕಪ್ ಮೊಸರು, ಒಂದು ಕಪ್ ಸಕ್ಕರೆ ಕದಡಿ, ಅರ್ಧ ಕಪ್ ಎಣ್ಣೆ ಸೇರಿಸಿ. ಒಂದೂವರೆ ಕಪ್ ಮೈದಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಜರಡಿ ಹಿಡಿದು ಬೆರೆಸಿ. ಇಲ್ಲಿ ಚಮಚವೆಂದರೆ ಟೀ ಚಮಚ. ಮೊಸರು ತಗಲಿದ ಕ್ಷಣದಿಂದಲೇ ಸೋಡಾ ಗಾಳಿ ಬಿಡತೊಡಗುವುದರಿಂದ ಕಡಾಯಿ ಮೊದಲೇ ಕಾದಿರಬೇಕು. ತಳಕ್ಕೆ ಒಂದು ಕಪ್ ಒಣ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಉಪ್ಪು ಶಾಖವನ್ನು ತಳದ ತುಂಬ ಹಂಚುತ್ತದೆ. ಎಣ್ಣೆ ಸವರಿ ಮೈದಾ ಉದುರಿಸಿದ ಏಳು ಇಂಚಿನ ಡಬ್ಬಿಗೆ ಹಿಟ್ಟು ಸುರಿದು ಒಳಗಿಡಿ. ಡಬ್ಬಿ ಕಡಾಯಿಯ ಪಕ್ಕಕ್ಕೆ ತಾಗಬಾರದು.

ಆಮೇಲೆ ಸಣ್ಣ ಉರಿ, 40ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದರೆ, ಇನ್ನೂ ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ. ಉರಿ ದೊಡ್ಡದಾದರೆ ಅಂಚು ಬೇಗ ಬಿಗಿದು ನಡು ಗುಡ್ಡದಂತೆ ಎದ್ದು ಬಿರಿಯುತ್ತದೆ, ತಳ ಸೀಯುತ್ತದೆ. ಮುಚ್ಚಳದಿಂದ ಹನಿ ಬೀಳುತ್ತಿದ್ದರೆ ಅದಕ್ಕೆ ಒಣಬಟ್ಟೆ ಬಿಗಿದು, ಬಟ್ಟೆಯ ತುದಿಗಳನ್ನು ಮೇಲಕ್ಕೆ ಕಟ್ಟಬೇಕು.

ಬೆಂದಿತೇ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ಇಲ್ಲಿ ಶಾಖ ಕೆಳಗಿನಿಂದ ಬರುವುದರಿಂದ ಒಳಗೆ ಪೂರ್ತಿ ಬೆಂದ ಕೇಕಿನ ನೆತ್ತಿಯೂ ಬಿಳಿಚಿಕೊಂಡೇ ಇರಬಹುದು; ಬಣ್ಣಕ್ಕಾಗಿ ಕಾದು ಕುಳಿತವರ ಕೇಕು ತಳದಲ್ಲಿ ಸೀದಿರುತ್ತದೆ. ಅಂಚು ಡಬ್ಬಿಯನ್ನು ತುಸು ಬಿಟ್ಟಿರಬೇಕು, ನಡುವೆ ಬೆರಳಿನಿಂದ ಒತ್ತಿದರೆ ತಗ್ಗು ಮತ್ತೆ ಮೇಲೇಳಬೇಕು. ನಟ್ಟನಡುವೆ ಚುಚ್ಚಿದ ಕಡ್ಡಿಗೆ ಹಸಿಹಿಟ್ಟು ಅಂಟಿ ಬಂದರೆ ಮತ್ತೆ ಐದು ನಿಮಿಷ ಮುಚ್ಚಿಡಿ. ಒಂದೆರಡು ಒಣ ಪುಡಿ ಅಂಟಿದ್ದರೆ ಒಲೆ ಆರಿಸಬಹುದು. ಕಾದ ಕಡಾಯಿಗೆ ನೀರು ಸುರಿಯಬೇಡಿ. ಉಪ್ಪನ್ನು ತಣಿದ ಮೇಲೆ ಡಬ್ಬಿಗೆ ತುಂಬಿಟ್ಟರೆ ಮುಂದಿನ ಕೇಕಿಗಾಗುತ್ತದೆ, ಅಡುಗೆಗೆ ಬಾರದು.