ಗಾಯತ್ರೀ ಮಂತ್ರ: ಪದಾರ್ಥ ಮತ್ತು ಛಂದಸ್ಸು

ಗಾಯತ್ರೀ ಮಂತ್ರವೆಂದು ಹೆಸರಾದುದು ಋಗ್ವೇದದ ಮೂರನೆಯ ಮಂಡಲದ 62ನೆಯ ಸೂಕ್ತದಲ್ಲಿರುವ 10ನೆಯ ಋಕ್ಕು. ಇದರ ಋಷಿ ವಿಶ್ವಾಮಿತ್ರ, ದೇವತೆ ಸವಿತೃ. ದೇವತೆಯಿಂದ ಬಂದ ಹೆಸರು ಸಾವಿತ್ರೀ; ಉಪನಯನದಲ್ಲಿ ಉಪದೇಶಿಸಬೇಕೆಂದು ಗೃಹ್ಯಸೂತ್ರಗಳು ಹೇಳುವುದು ಈ ಹೆಸರಿನಿಂದಲೇ. ಗಾಯತ್ರೀ ಎಂಬುದು ಮೂಲತಃ ಛಂದಸ್ಸಿನ ಹೆಸರು. ಋಗ್ವೇದದಲ್ಲಿ ತ್ರಿಷ್ಟುಪ್ಪನ್ನು ಬಿಟ್ಟರೆ ಅತಿ ಹೆಚ್ಚು ಬಳಕೆಯಾದ ಛಂದಸ್ಸು ಇದೇ. ಜಪದ ಮೊದಲಲ್ಲಿ ಹೇಳುವ ಓಂಕಾರವಾಗಲಿ ಮೂರು ವ್ಯಾಹೃತಿಗಳಾಗಲಿ ಋಗ್ವೇದದ ಪಾಠದಲ್ಲಿ ಇಲ್ಲ. ವ್ಯಾಹೃತಿಗಳೊಡನೆ ಈ ಋಕ್ಕು ಶುಕ್ಲ ಯಜುರ್ವೇದ ಸಂಹಿತೆಯ 36ನೆಯ ಅಧ್ಯಾಯದಲ್ಲಿ ಸಿಗುತ್ತದೆ. ಆದ್ದರಿಂದ ಛಂದಸ್ಸನ್ನು ಎಣಿಸುವಾಗ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪದಗಳನ್ನು ಅನ್ವಯದ ಕ್ರಮದಲ್ಲಿ ನೋಡಿದರೆ ಅರ್ಥ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ‘ಸವಿತುಃ’, ‘ದೇವಸ್ಯ’ ಎರಡೂ ಷಷ್ಠೀ ವಿಭಕ್ತಿಯವು. ಬೇರೆ ಬೇರೆ ಪಾದಗಳಲ್ಲಿದ್ದರೂ ‘ಸವಿತೃದೇವನ’ ಎಂದು ಕೂಡಿಸಿಕೊಳ್ಳಬೇಕು. ‘ಸೂ’ ಎಂಬ ಧಾತುವಿನಿಂದ ಬಂದ ಸವಿತೃ ಎಂದರೆ ಪ್ರೇರಿಸುವವನು, ಎಲ್ಲವನ್ನೂ ಚಲನೆಗೆ ಹಚ್ಚುವವನು. ‘ಭರ್ಗಃ’ ಎಂದರೆ ತೇಜಸ್ಸು. ಅದು ನಪುಂಸಕ ಲಿಂಗದ ಸಕಾರಾಂತ ಶಬ್ದ. ಇಲ್ಲಿ ದ್ವಿತೀಯಾ ವಿಭಕ್ತಿಯಲ್ಲಿದೆ. ‘ತತ್’ ಮತ್ತು ‘ವರೇಣ್ಯಂ’ ಅದರ ವಿಶೇಷಣಗಳು: ಆ, ವರಿಸಲು ಯೋಗ್ಯವಾದ ತೇಜಸ್ಸು.

‘ಧೀಮಹಿ’ ಎಂಬ ಕ್ರಿಯಾಪದದ ಅರ್ಥಕ್ಕೇ ಒಂದು ಇತಿಹಾಸವಿದೆ. 14ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಭಾಷ್ಯ ಬರೆದ ಸಾಯಣಾಚಾರ್ಯರು ಇದನ್ನು ‘ಧ್ಯಾನಿಸುತ್ತೇವೆ’ ಎಂದು ಅರ್ಥೈಸಿದರು. ನಮ್ಮ ಮನೆಗಳಲ್ಲಿ ಹೇಳಿಕೊಡುವ ಅರ್ಥವೂ ಅದೇ. ಆದರೆ ರೂಪವನ್ನು ನೋಡಿದರೆ ಅದು ‘ಧಾ’ ಧಾತುವಿನದು: ‘ನಾವು ನಮ್ಮೊಳಗೆ ಇರಿಸಿಕೊಳ್ಳುವಂತಾಗಲಿ, ಪಡೆಯುವಂತಾಗಲಿ’. ಆಧುನಿಕ ವೈದಿಕ ವ್ಯಾಕರಣ ಒಪ್ಪುವುದು ಇದನ್ನೇ. ಸಾಯಣರು ಕೂಡ ಒಂದೇ ವ್ಯಾಖ್ಯೆಗೆ ನಿಲ್ಲದೆ, ಮತ್ತೊಂದರಲ್ಲಿ ಧರಿಸುವ ಅರ್ಥವನ್ನು ತೆಗೆದುಕೊಂಡಿದ್ದಾರೆ. ಧ್ಯಾನದ ಅರ್ಥ ಜಪದ ಪರಂಪರೆಯಲ್ಲಿ ಬೆಳೆದದ್ದು. ಋಕ್ಕಿನ ಮಾತು ತೇಜಸ್ಸನ್ನು ಪಡೆಯುವುದರ ಬಗ್ಗೆ.

ಮೂರನೆಯ ಪಾದದ ‘ಯಃ’ ಪುಲ್ಲಿಂಗ. ಹಾಗಾಗಿ ಅದು ನಪುಂಸಕವಾದ ಭರ್ಗಸ್ಸಿಗೆ ನೇರವಾಗಿ ಹೊಂದುವುದಿಲ್ಲ, ಸವಿತೃವಿಗೆ ಹೊಂದುತ್ತದೆ: ಯಾವನು ‘ನಃ’, ನಮ್ಮ, ‘ಧಿಯಃ’, ಬುದ್ಧಿಗಳನ್ನು ‘ಪ್ರಚೋದಯಾತ್’, ಮುಂದಕ್ಕೆ ನಡೆಸಲಿ. ಬುದ್ಧಿ ಎಂದು ಏಕವಚನದಲ್ಲಿ ಅನುವಾದಿಸುವವರಿದ್ದಾರೆ, ಮೂಲದಲ್ಲಿರುವುದು ಬಹುವಚನ. ಕೊನೆಯ ಕ್ರಿಯಾಪದ ವೇದಭಾಷೆಯಲ್ಲಷ್ಟೇ ಉಳಿದ ‘ಲೇಟ್’ ಲಕಾರದ್ದು. ವಾಕ್ಯರಚನೆಗೆ ಸ್ವರವೂ ಸಾಕ್ಷಿ: ‘ಯಃ’ ಇರುವ ಅಧೀನ ವಾಕ್ಯದಲ್ಲಿ ಬಂದುದರಿಂದ ‘ಪ್ರಚೋದಯಾತ್’ ಉದಾತ್ತವನ್ನು ಉಳಿಸಿಕೊಂಡಿದೆ, ಮುಖ್ಯ ವಾಕ್ಯದ ‘ಧೀಮಹಿ’ಗೆ ಉದಾತ್ತವಿಲ್ಲ. ಸ್ವರ ತಪ್ಪದೆ ಕಲಿಸಿದ ಗುರುಗಳು ವ್ಯಾಕರಣವನ್ನೂ ಜೊತೆಗೇ ಉಳಿಸಿಕೊಟ್ಟರು.

ಗಾಯತ್ರೀ ಛಂದಸ್ಸಿಗೆ 8 ಅಕ್ಷರಗಳ 3 ಪಾದಗಳು, ಒಟ್ಟು 24 ಅಕ್ಷರ. ಎರಡನೆಯ, ಮೂರನೆಯ ಪಾದಗಳಲ್ಲಿ ಲೆಕ್ಕ ಸರಿಯಾಗಿ ಕೂಡುತ್ತದೆ. ಮೊದಲ ಪಾದದಲ್ಲಿ ‘ತತ್’ಗೆ 1, ‘ಸವಿತುಃ’ಗೆ 3, ‘ವರೇಣ್ಯಂ’ಗೆ 3, ಸಿಗುವುದು 7 ಮಾತ್ರ. ಇಂಥಲ್ಲಿ ಯಕಾರವನ್ನು ‘ಇಯ’ ಎಂದು ಬಿಡಿಸಿ ಪಾದವನ್ನು ತುಂಬಿಸಬೇಕೆಂದು ಪಿಂಗಲನ ಛಂದಃಸೂತ್ರ ಹೇಳುತ್ತದೆ. ಆಗ ‘ವರೇಣಿಯಂ’ ಆಗಿ 8 ಅಕ್ಷರ ಪೂರ್ಣವಾಗುತ್ತದೆ.

ಇದು ಎಣಿಕೆ ಕೂಡಿಸಲು ಹೂಡಿದ ಉಪಾಯವಲ್ಲ ಎಂಬುದು ಪ್ರಸ್ತಾರ ಹಾಕಿದರೆ ಗೊತ್ತಾಗುತ್ತದೆ. ವೈದಿಕ ಗಾಯತ್ರಿಯಲ್ಲಿ ಪಾದದ ಮೊದಲರ್ಧ ಸಡಿಲ, ಕೊನೆಯ ನಾಲ್ಕು ಅಕ್ಷರಗಳು ಸಾಮಾನ್ಯವಾಗಿ ಲಘು, ಗುರು, ಲಘು ಎಂದು ನಡೆದು, ಕಡೆಯದು ಯಾವುದಾದರೂ ಆಗಬಹುದು. ‘ಪ್ರಚೋದಯಾತ್’ ಲಘು, ಗುರು, ಲಘು, ಗುರು. ಎರಡನೆಯ ಪಾದದ ಕೊನೆಯೂ ಇದೇ ನಡೆ. ಮೊದಲ ಪಾದವನ್ನು ಬರೆದಂತೆ ಓದಿದರೆ ಕೊನೆಯ ನಾಲ್ಕು ಗುರು, ಲಘು, ಗುರು, ಗುರು ಆಗಿ ನಡೆ ಮುರಿಯುತ್ತದೆ. ‘ವರೇಣಿಯಂ’ ಎಂದು ಓದಿದೊಡನೆ ಮೂರು ಪಾದಗಳೂ ಒಂದೇ ಹೆಜ್ಜೆಗೆ ಬರುತ್ತವೆ. ಬೃಹದಾರಣ್ಯಕೋಪನಿಷತ್ತಿನ ಐದನೆಯ ಅಧ್ಯಾಯವೂ ಹೀಗೆಯೇ ಎಣಿಸುತ್ತದೆ. ಭೂಮಿ, ಅಂತರಿಕ್ಷ, ದ್ಯುಲೋಕಗಳ ಹೆಸರು ಸೇರಿ 8 ಅಕ್ಷರವೆಂದು ಅದು ಹೇಳುವುದು ‘ದ್ಯೌಃ’ ಎಂಬುದನ್ನು ‘ದಿಯೌಃ’ ಎಂದು ಬಿಡಿಸಿದರಷ್ಟೇ ಸರಿಹೋಗುತ್ತದೆ.

ಸಂಹಿತಾಪಾಠದಲ್ಲಿ ಮಾತ್ರ ‘ವರೇಣ್ಯಂ’ ಹಾಗೆಯೇ ಉಳಿದಿದೆ. ಕೆಲವು ಸಂಪ್ರದಾಯಗಳು ಜಪದಲ್ಲಿ ‘ವರೇಣಿಯಂ’ ಎನ್ನುತ್ತವೆ. ಉಚ್ಚರಿಸಿದಂತೆ 23 ಎಂದು ಎಣಿಸುವವರಿಗೆ ಒಂದು ಅಕ್ಷರ ಕಡಿಮೆಯಾದ ಗಾಯತ್ರಿಯ ಹೆಸರು ನಿಚೃತ್; ಸಂಧ್ಯಾವಂದನೆಯ ಕೆಲವು ಪಾಠಗಳಲ್ಲಿ ಋಷಿ, ದೇವತೆಗಳನ್ನು ಸ್ಮರಿಸಿದ ಮೇಲೆ ಈ ಮಂತ್ರದ ಛಂದಸ್ಸನ್ನು ನಿಚೃದ್ಗಾಯತ್ರೀ ಎಂದೇ ಹೇಳಲಾಗುತ್ತದೆ.